ಪರವಾನಗಿ ಪಡೆದ ಹಡಗುಬೇಟೆ: ಕಾರವಾರಕ್ಕೆ ಬಂದ ಕ್ಯಾಪ್ಟನ್ ಕಿಡ್‌ನ ಪ್ರಕರಣ

ಕಲಿಕೆಯ ಉದ್ದೇಶ: ಹಾಯಿಹಡಗುಗಳ ಕಾಲದಲ್ಲಿ ಸರ್ಕಾರದ ಪರವಾನಗಿ ಪಡೆದು ಶತ್ರುಹಡಗು ಹಿಡಿಯುವವನಿಗೂ ಕಡಲ್ಗಳ್ಳನಿಗೂ ಇದ್ದ ವ್ಯತ್ಯಾಸವನ್ನು ವಿದ್ಯಾರ್ಥಿಗಳು ದಾಖಲೆಗಳ ಆಧಾರದಿಂದ ಗುರುತಿಸುವುದು.

ವಿಷಯ ವಿವರಣೆ

ಯುದ್ಧಕಾಲದಲ್ಲಿ ಅರಸನ ನೌಕಾಪಡೆಯೊಂದೇ ಸಾಲದಾದಾಗ, ಯುರೋಪಿನ ರಾಜ್ಯಗಳು ಖಾಸಗಿ ಹಡಗುಗಳಿಗೆ ಶತ್ರುವಿನ ವ್ಯಾಪಾರಿ ಹಡಗುಗಳನ್ನು ಹಿಡಿಯುವ ಅಧಿಕಾರಪತ್ರ ಕೊಡುತ್ತಿದ್ದವು. ಇದಕ್ಕೆ 'ಲೆಟರ್ ಆಫ್ ಮಾರ್ಕ್' ಎಂದು ಹೆಸರು. ಇದನ್ನು ಪಡೆದ ಹಡಗು 'ಪ್ರೈವೇಟಿಯರ್'. ಹಡಗಿನ ಖರ್ಚು ಬಂಡವಾಳ ಹೂಡಿದವರದು, ನಾವಿಕರಿಗೆ ಸಂಬಳವಿಲ್ಲ. ಬೇಟೆ ಸಿಕ್ಕರೆ ಪಾಲು, ಸಿಗದಿದ್ದರೆ ಬರಿಗೈ.

ಆದರೆ ಹಿಡಿದ ಮಾತ್ರಕ್ಕೆ ಹಡಗು ಹಿಡಿದವನದಾಗುತ್ತಿರಲಿಲ್ಲ. ಅದನ್ನು ಅದರ ಕಾಗದಪತ್ರಗಳ ಸಮೇತ ನೌಕಾ ನ್ಯಾಯಾಲಯದ ಮುಂದೆ ತರಬೇಕಿತ್ತು. ನ್ಯಾಯಾಲಯವು ಪತ್ರಗಳನ್ನು ನೋಡಿ, ಸೆರೆಯಾದವರನ್ನು ವಿಚಾರಿಸಿ, ಮಾಲೀಕರ ತಕರಾರನ್ನು ಆಲಿಸುತ್ತಿತ್ತು. ಹಡಗು ಶತ್ರುವಿನದೆಂದು ತೀರ್ಪಾದ ಮೇಲೆಯೇ ಹರಾಜು ಮತ್ತು ಪಾಲು. ಹೀಗೆ ಮೂರು ದಾಖಲೆಗಳು ಬೇಕಾಗುತ್ತಿದ್ದವು: ಹಿಡಿಯುವವನ ಪರವಾನಗಿ, ಸಿಕ್ಕ ಹಡಗಿನ ಪತ್ರಗಳು, ನ್ಯಾಯಾಲಯದ ತೀರ್ಪು. ಮೂರರಲ್ಲಿ ಒಂದು ತಪ್ಪಿದರೂ ಬೇಟೆಯು ದರೋಡೆಯಾಗುವ ಅಪಾಯವಿತ್ತು.

ಪ್ರಕರಣದ ಅಧ್ಯಯನ

ಫ್ರಾನ್ಸಿನೊಡನೆ ಇಂಗ್ಲೆಂಡ್ ಯುದ್ಧದಲ್ಲಿದ್ದ 1695ರ ಡಿಸೆಂಬರಿನಲ್ಲಿ ವಿಲಿಯಂ ಕಿಡ್ ಎಂಬ ಕಪ್ತಾನನಿಗೆ ಫ್ರೆಂಚ್ ಹಡಗುಗಳ ವಿರುದ್ಧ ಪರವಾನಗಿ ದೊರೆಯಿತು. ಮರುತಿಂಗಳು ಕಡಲ್ಗಳ್ಳರನ್ನು ಹಿಡಿಯುವ ಇನ್ನೊಂದು ಅಧಿಕಾರಪತ್ರವೂ ಬಂತು. ಲಾರ್ಡ್ ಬೆಲೊಮಾಂಟ್ ಮತ್ತು ಕೆಲವು ಪ್ರಬಲ ಪ್ರಭುಗಳು ಹಣ ಹೂಡಿದರು. ಹಿಡಿದ ಹಡಗುಗಳನ್ನು ದಾರಿಯಲ್ಲಿ ಹಂಚದೆ ಅಮೆರಿಕದ ಬಾಸ್ಟನ್ನಿಗೆ ತರಬೇಕು, ನಾವಿಕರ ಪಾಲು ಕಾಲುಭಾಗವನ್ನು ಮೀರಬಾರದು ಎಂಬುದು ಕರಾರು. ಕಿಡ್‌ನ 'ಅಡ್ವೆಂಚರ್ ಗ್ಯಾಲಿ' ಹಡಗಿನಲ್ಲಿ 34 ಫಿರಂಗಿಗಳಿದ್ದವು.

1697ರ ಸೆಪ್ಟೆಂಬರಿನಲ್ಲಿ ಆ ಹಡಗು ಕಾರವಾರಕ್ಕೆ ಬಂತು. ಅಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ಬೇಟೆಯಿಲ್ಲದೆ ಬೇಸತ್ತ ಕೆಲವು ನಾವಿಕರು ಅಲ್ಲಿಯೇ ಹಡಗು ಬಿಟ್ಟು ಓಡಿದರು; ಕಿಡ್ ಕಡಲ್ಗಳ್ಳತನಕ್ಕೆ ಹೊರಟಿದ್ದಾನೆಂಬ ಶಂಕೆ ಕೋಠಿಯವರಲ್ಲಿ ಬಲವಾಯಿತು. ಅಕ್ಟೋಬರಿನಲ್ಲಿ ನಡೆದ ಜಗಳವೊಂದರಲ್ಲಿ ಕಿಡ್ ತನ್ನ ಫಿರಂಗಿಗಾರ ವಿಲಿಯಂ ಮೂರ್‌ನನ್ನು ಬಕೆಟ್ಟಿನಿಂದ ಹೊಡೆದನು, ಆತ ಸತ್ತನು.

1698ರ ಜನವರಿಯಲ್ಲಿ ಕೊಚ್ಚಿಯ ಬಳಿ ಬಂಗಾಳದಿಂದ ಸೂರತ್ತಿಗೆ ಹೊರಟಿದ್ದ 'ಕ್ವೆಡಾ ಮರ್ಚೆಂಟ್' ಹಡಗು ಸಿಕ್ಕಿತು. ರೇಷ್ಮೆ, ಮಸ್ಲಿನ್, ಸಕ್ಕರೆ ಮೊದಲಾದ ಸರಕು ಅದರಲ್ಲಿತ್ತು. ಸರಕಿನ ಬಹುಪಾಲು ಆರ್ಮೇನಿಯನ್ ವ್ಯಾಪಾರಿಗಳದು. ಮೊಗಲ್ ಆಸ್ಥಾನದ ಸರದಾರನೊಬ್ಬನಿಗೂ ಅದರಲ್ಲಿ ಪಾಲಿತ್ತು. ಕಪ್ತಾನನು ಇಂಗ್ಲಿಷರವನು. ಆದರೆ ಕಿಡ್ ಫ್ರೆಂಚ್ ಬಾವುಟ ಹಾರಿಸಿ ಹತ್ತಿರ ಬಂದಾಗ, ಆ ಹಡಗಿನವರು ತೋರಿಸಿದ್ದು ಫ್ರೆಂಚ್ ರಹದಾರಿ. ದಾರಿಯಲ್ಲಿ ತಡೆಯುವವರನ್ನು ನೋಡಿ ಬೇರೆ ಬೇರೆ ರಾಷ್ಟ್ರಗಳ ರಹದಾರಿ ಇಟ್ಟುಕೊಳ್ಳುವುದು ಈ ಕಡಲಿನ ವ್ಯಾಪಾರಿಗಳ ರೂಢಿ. ಕಿಡ್‌ನ ಪಾಲಿಗೆ ಅದೇ ಕಾಗದ ಹಡಗು ಶತ್ರುವಿನದೆಂಬುದಕ್ಕೆ ಸಾಕ್ಷಿ. ಇದಕ್ಕೆ ಮೊದಲೇ ಹಿಡಿದಿದ್ದ ಚಿಕ್ಕ ಹಡಗೊಂದರಲ್ಲಿಯೂ ಅಂತಹದೇ ರಹದಾರಿ ಸಿಕ್ಕಿತ್ತು.

ತಪ್ಪಿದ್ದು ಮುಂದಿನ ಹೆಜ್ಜೆ. ಬಾಸ್ಟನ್ ಬಹುದೂರ, ನಾವಿಕರು ಕೈಯಲ್ಲಿ ಹಣ ಕಾಣದೆ ಕೆರಳಿದ್ದರು. ಕಿಡ್ ಸರಕಿನ ಒಂದು ಭಾಗವನ್ನು ಮಲಬಾರ್ ಕರಾವಳಿಯಲ್ಲೇ ಮಾರಿದನು. ಉಳಿದುದರಲ್ಲಿ ಬಹುಪಾಲನ್ನು ಮಡಗಾಸ್ಕರಿನ ಬಳಿ ಹಂಚಲಾಯಿತು. ತೀರ್ಪಿಗೆ ಮೊದಲೇ ಪಾಲಾಯಿತು. ಇತ್ತ ಮೊಗಲ್ ಅಧಿಕಾರಿಗಳು ನಷ್ಟಕ್ಕೆ ಕಂಪನಿಯನ್ನೇ ಹೊಣೆಯಾಗಿಸಿದಾಗ, ಕಿಡ್‌ನನ್ನು ಕಡಲ್ಗಳ್ಳನೆಂದು ಸಾರುವುದು ಲಂಡನ್ನಿಗೆ ಅನಿವಾರ್ಯವಾಯಿತು.

ಹಿಂದಿರುಗಿದ ಕಿಡ್ ಎರಡೂ ಫ್ರೆಂಚ್ ರಹದಾರಿಗಳನ್ನು ಬೆಲೊಮಾಂಟ್‌ಗೆ ಒಪ್ಪಿಸಿದನು. 1701ರ ಮೇ ತಿಂಗಳಲ್ಲಿ ನಡೆದ ವಿಚಾರಣೆಯಲ್ಲಿ ಅವನು ಪದೇ ಪದೇ ಕೇಳಿದರೂ ಅವು ನ್ಯಾಯಾಲಯಕ್ಕೆ ಬರಲಿಲ್ಲ. ಮೂರ್‌ನ ಕೊಲೆ ಮತ್ತು ಕಡಲ್ಗಳ್ಳತನಗಳಿಗಾಗಿ ಅವನನ್ನು ಮೇ 23ರಂದು ಗಲ್ಲಿಗೇರಿಸಲಾಯಿತು. ಆ ರಹದಾರಿಗಳು 20ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ದಾಖಲೆಗಳ ನಡುವೆ ದೊರೆತವು. ಅವು ಬಂದಿದ್ದರೆ ಹಡಗು ಹಿಡಿದದ್ದು ಸಮರ್ಥನೀಯವೆಂದು ವಾದಿಸಬಹುದಿತ್ತು. ತೀರ್ಪಿಲ್ಲದೆ ಹಂಚಿದ್ದಕ್ಕೆ ಮತ್ತು ಮೂರ್‌ನ ಸಾವಿಗೆ ಅವು ಉತ್ತರವಾಗುತ್ತಿರಲಿಲ್ಲ.

ಯುರೋಪಿನ ಪ್ರಮುಖ ರಾಷ್ಟ್ರಗಳು 1856ರ ಪ್ಯಾರಿಸ್ ಘೋಷಣೆಯಲ್ಲಿ ಈ ಪದ್ಧತಿಯನ್ನು ಕೈಬಿಟ್ಟವು.

ತರಗತಿಯ ಚಟುವಟಿಕೆ

ಬೋವಿಕಾನದ ತರಗತಿಯಲ್ಲಿ ಮೊದಲು ಪಶ್ಚಿಮ ಕರಾವಳಿಯ ನಕ್ಷೆಯಲ್ಲಿ ಕಾರವಾರ, ಕಾಸರಗೋಡು, ಕೊಚ್ಚಿಗಳನ್ನು ಗುರುತಿಸಲಿ. ಬಳಿಕ ವಿದ್ಯಾರ್ಥಿಗಳು ಹಡಗಿನ ಮಾಲೀಕರು, ಕಿಡ್, ನ್ಯಾಯಾಧೀಶರು ಎಂಬ ಮೂರು ಗುಂಪುಗಳಾಗಿ ವಿಚಾರಣೆ ನಡೆಸಲಿ. ಮೊದಲ ಸಲ ರಹದಾರಿಗಳಿಲ್ಲದೆ, ಎರಡನೆಯ ಸಲ ಅವುಗಳೊಡನೆ ನಡೆಯಲಿ. ತೀರ್ಪಿನಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಪ್ರತಿ ಗುಂಪೂ ಬರೆಯಲಿ.

ಮೌಲ್ಯಮಾಪನ ಪ್ರಶ್ನೆಗಳು

1. ಹಡಗಿನ ಪರವಾನಗಿಗೂ ವ್ಯಾಪಾರಿಯ ರಹದಾರಿಗೂ ಇರುವ ವ್ಯತ್ಯಾಸವೇನು?
2. ಸಂಬಳವಿಲ್ಲದ ವ್ಯವಸ್ಥೆಯು ಕಿಡ್‌ನ ನಾವಿಕರನ್ನು ನಿಯಮ ಮೀರುವತ್ತ ಹೇಗೆ ತಳ್ಳಿತು?
3. ಇಂಗ್ಲಿಷ್ ಕಪ್ತಾನ, ಆರ್ಮೇನಿಯನ್ ಸರಕು, ಫ್ರೆಂಚ್ ರಹದಾರಿ: ಈ ಹಡಗು ಯಾರದೆಂದು ನಿರ್ಧರಿಸಲು ಯಾವ ಸಾಕ್ಷ್ಯ ಮುಖ್ಯ? ಏಕೆ?