ಸೆನ್ಸರ್‌ನಿಂದ ವೆಬ್ ಗ್ರಾಫ್‌ವರೆಗೆ: ಪರೀಕ್ಷಾ ಟಿಪ್ಪಣಿ

ಮೂಲ ಅಂಶ: LM35 ತಾಪಮಾನ ಸೆನ್ಸರ್ ಪ್ರತಿ 1 ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ನೀಡುತ್ತದೆ. ಆರ್ಡುಯಿನೋ ಊನೋದಲ್ಲಿರುವ 10 ಬಿಟ್‌ನ ಎಡಿಸಿ (ಅನಲಾಗ್–ಡಿಜಿಟಲ್ ಪರಿವರ್ತಕ) ಈ ವೋಲ್ಟೇಜನ್ನು 0ರಿಂದ 1023ರೊಳಗಿನ ಸಂಖ್ಯೆಯಾಗಿ ಬದಲಿಸುತ್ತದೆ.

ಲೆಕ್ಕ: ಆಧಾರ ವೋಲ್ಟೇಜ್ 5 ವೋಲ್ಟ್ ಇದ್ದು, ಎಡಿಸಿ 62 ತೋರಿಸಿದರೆ:

```
62 × 5 / 1024 = 0.303 V → 30.3 °C
```

ಮುಂದಿನ ಸಂಖ್ಯೆ 63 ಬಂದರೆ ತಾಪಮಾನ 30.8 ಡಿಗ್ರಿ. ನಡುವಿನ ಬೆಲೆಗಳು ಸಿಗುವುದೇ ಇಲ್ಲ. ಹಾಗಾಗಿ ಗ್ರಾಫ್ ನಯವಾದ ಗೆರೆಯಾಗದೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇದು ಸೆನ್ಸರ್‌ನ ದೋಷವಲ್ಲ.

ಪರಿಹಾರ: `analogReference(INTERNAL)` ಎಂದು ಬರೆದರೆ ಆಧಾರ ಸುಮಾರು 1.1 ವೋಲ್ಟ್‌ಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲು ಸುಮಾರು 0.1 ಡಿಗ್ರಿಯಾಗುತ್ತದೆ. ಮಿತಿಯೂ ಇದೆ: 110 ಡಿಗ್ರಿ ಸಮೀಪಿಸಿದಾಗ ಸಂಖ್ಯೆ 1023ರಲ್ಲೇ ನಿಂತುಬಿಡುತ್ತದೆ.

ಪರದೆಗೆ ತಲುಪುವ ದಾರಿ: ಬೋರ್ಡ್ ಯುಎಸ್‌ಬಿ ಸೀರಿಯಲ್ ಮೂಲಕ ಸಂಖ್ಯೆಯನ್ನು ಕಂಪ್ಯೂಟರ್‌ಗೆ ಕಳಿಸುತ್ತದೆ. ಎರಡೂ ಕಡೆ ಬಾಡ್ ದರ ಒಂದೇ ಇರಬೇಕು. ಇಲ್ಲವಾದರೆ ಅಂಕಿಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅಲ್ಲಿಂದ ಸರ್ವರ್ ಪ್ರೋಗ್ರಾಂ ವೆಬ್‌ಸಾಕೆಟ್ ಮೂಲಕ ಬ್ರೌಸರ್‌ಗೆ ರವಾನಿಸುತ್ತದೆ. ಸಾಮಾನ್ಯ ಎಚ್‌ಟಿಟಿಪಿಯಲ್ಲಿ ಬ್ರೌಸರ್ ಪ್ರತಿ ಬಾರಿ ಕೇಳಬೇಕು. ವೆಬ್‌ಸಾಕೆಟ್‌ನಲ್ಲಿ ಸಂಪರ್ಕ ತೆರೆದೇ ಇರುತ್ತದೆ. ಹೊಸ ಬೆಲೆ ಬಂದ ಕೂಡಲೇ ಸರ್ವರ್ ತಾನಾಗಿ ಕಳಿಸುತ್ತದೆ. ವೆಬ್‌ಸಾಕೆಟ್‌ನ ಮಾನಕ RFC 6455, ವರ್ಷ 2011.

ಮಾದರಿ ಪ್ರಶ್ನೆ: ಆಧಾರ 1.1 ವೋಲ್ಟ್, ಎಡಿಸಿ ಸಂಖ್ಯೆ 256. LM35 ಅಳೆದ ತಾಪಮಾನ ಎಷ್ಟು?
ಉತ್ತರ: 256 ಎಂದರೆ 1024ರ ಕಾಲು ಭಾಗ. 1.1 ವೋಲ್ಟ್‌ನ ಕಾಲು ಭಾಗ 0.275 ವೋಲ್ಟ್, ಆದ್ದರಿಂದ 27.5 ಡಿಗ್ರಿ.