ಆ್ಯಪ್ ಲಾಂಛನ: ಕತ್ತರಿಗೆ ಸಿಗದೆ ಉಳಿಯುವುದೆಷ್ಟು?

ಅಂಗಡಿಯ ಚೌಕ ನಾಮಫಲಕವನ್ನೇ ಆ್ಯಪ್‌ನ ಲಾಂಛನವಾಗಿಸುವ ವರ್ತಕರುಂಟು. ಐಫೋನಿನಲ್ಲಿ ಅದರ ಮೂಲೆಗಳು ದುಂಡಾಗುತ್ತವೆ. 2017ರ ಆಂಡ್ರಾಯ್ಡ್ 8ರಿಂದೀಚೆಗೆ ಆಂಡ್ರಾಯ್ಡ್‌ನಲ್ಲಿ ಲಾಂಛನದ ಹೊರ ಆಕಾರವನ್ನು ಫೋನೇ ನಿರ್ಧರಿಸುತ್ತದೆ. ಹಲವೆಡೆ ಅದು ವೃತ್ತ.

ಪರದೆಯ ಅಳತೆಯಾದ ಡಿಪಿಯಲ್ಲಿ ಹೇಳುವುದಾದರೆ, ಚಿತ್ರವನ್ನು 108 ಬದಿಯ ಚೌಕದಲ್ಲಿ ರಚಿಸಿದರೂ ಕಾಣುವುದು ನಡುವಿನ 72; ಯಾವ ಆಕಾರದಲ್ಲಿಯೂ ಕತ್ತರಿಗೆ ಸಿಗದಿರುವುದು 66 ವ್ಯಾಸದ ವೃತ್ತ ಮಾತ್ರ. 60 ಬದಿಯ ಫಲಕದ ಕರ್ಣ ಸುಮಾರು 85 ಆಗುವುದರಿಂದ ವೃತ್ತದಲ್ಲಿ ಅದರ ನಾಲ್ಕೂ ಮೂಲೆಗಳು ಹೋಗುತ್ತವೆ. 46ಕ್ಕೆ ಇಳಿಸಿದರೆ ಫಲಕವೇನೋ ಉಳಿಯುತ್ತದೆ, ಹೆಸರು ಓದಲಾಗದು. ಪೂರ್ಣ ಹೆಸರನ್ನು ಕೈಬಿಟ್ಟು, ಒಂದೇ ಅಕ್ಷರವನ್ನೋ ಸರಕಿನ ಆಕೃತಿಯನ್ನೋ ದಪ್ಪವಾಗಿ ಇಡುವುದು ಲೇಸು.

ಬಣ್ಣವನ್ನಷ್ಟೇ ನೆಚ್ಚುವಂತಿಲ್ಲ. 2020ರಲ್ಲಿ ಗೂಗಲ್ ಸಂಸ್ಥೆಯು ಜಿಮೇಲ್, ಕ್ಯಾಲೆಂಡರ್, ಡ್ರೈವ್‌ಗಳಿಗೆ ಒಂದೇ ಬಗೆಯ ಬಣ್ಣಗಳನ್ನು ಹಚ್ಚಿದಾಗ, ಗುರುತಿಸುವುದು ಕಷ್ಟವೆಂದು ಅನೇಕ ಬಳಕೆದಾರರು ದೂರಿದರು. ಲಾಂಛನವನ್ನು ಕಪ್ಪು-ಬಿಳುಪಿನಲ್ಲಿ, ಇತರ ಇಪ್ಪತ್ತರ ನಡುವೆ ಇಟ್ಟು, ಅದನ್ನು ಮೊದಲು ಕಂಡಿರದ ಗ್ರಾಹಕರಿಂದ ಹುಡುಕಿಸಬೇಕು.