ಹಮೀದನ ಇಕ್ಕಳ: ಕಥೆಯಲ್ಲಿ ಕಾಲ ಮತ್ತು ಸ್ಥಳ ಮಾಡುವ ಕೆಲಸ

ಈ ವರ್ಷ ನಾನು ವಾರಕ್ಕೊಮ್ಮೆ ಏಳನೇ ತರಗತಿಯ ಮಕ್ಕಳಿಗೆ ಕಥೆ ಓದಿಸುತ್ತಿದ್ದೇನೆ. ಕಥೆ ಮುಗಿದ ಮೇಲೆ 'ಇದು ಎಲ್ಲಿ ನಡೆಯಿತು, ಯಾವಾಗ ನಡೆಯಿತು' ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: 'ಸ್ಥಳ ಹಳ್ಳಿ, ಕಾಲ ಹಬ್ಬದ ದಿನ.' ಉತ್ತರ ಸರಿಯೇ, ಅಂಕವೂ ಸಿಗುತ್ತದೆ. ಆದರೆ ಇದು ಲಕೋಟೆಯ ಮೇಲಿನ ವಿಳಾಸ ಓದಿ ಪತ್ರವನ್ನು ಒಡೆಯದೆ ಇಟ್ಟ ಹಾಗೆ. ಆ ಹಳ್ಳಿ, ಆ ದಿನ ಕಥೆಯೊಳಗೆ ಏನು ಮಾಡಿದವು ಎನ್ನುವುದು ಮುಂದಿನ ಪ್ರಶ್ನೆ. ಅದನ್ನು ಹೇಗೆ ಕೇಳಬೇಕು ಎಂದು ಒಂದೇ ಕಥೆ ಹಿಡಿದು ಹೇಳುತ್ತೇನೆ. ಮನೆಯಲ್ಲಿ ತಮ್ಮ ತಂಗಿಯರಿಗೆ ಪಾಠ ಹೇಳಿಕೊಡುವ ನಮ್ಮ ಪಿಯು ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಕಥೆ ಪ್ರೇಮಚಂದರ 'ಈದ್ಗಾಹ್'. ಪ್ರಕಟವಾದದ್ದು 1933ರಲ್ಲಿ. ನಿಮ್ಮಲ್ಲಿ ಹಲವರು ಹಿಂದಿ ತರಗತಿಯಲ್ಲಿ ಓದಿರುತ್ತೀರಿ. ಓದದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷದ ಹಮೀದನಿಗೆ ತಂದೆ ತಾಯಿ ಇಲ್ಲ; ಅಜ್ಜಿ ಅಮೀನಾ ಸಾಕುತ್ತಿದ್ದಾಳೆ. ರಮಜಾನಿನ ಮೂವತ್ತು ಉಪವಾಸ ಮುಗಿದು ಈದ್ ಬಂದಿದೆ. ಊರಿನವರೆಲ್ಲ ಮೂರು ಕೋಸು ದೂರದ ಪಟ್ಟಣದ ಈದ್ಗಾಹಿಗೆ ನಡೆದು ಹೊರಟಿದ್ದಾರೆ. ಹಮೀದನ ಜೇಬಿನಲ್ಲಿ ಮೂರು ಪೈಸೆ. ನಮಾಜಿನ ನಂತರ ಜಾತ್ರೆಯಲ್ಲಿ ಗೆಳೆಯರು ತಿರುಗುವ ಮರದ ಕುದುರೆ ಏರುತ್ತಾರೆ, ಮಣ್ಣಿನ ಗೊಂಬೆ ಕೊಳ್ಳುತ್ತಾರೆ, ಸಿಹಿ ತಿನ್ನುತ್ತಾರೆ. ಹಮೀದ ಏನನ್ನೂ ಕೊಳ್ಳದೆ ಕೊನೆಗೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅಜ್ಜಿಗೆಂದು ಒಂದು ಚಿಮಟಾ, ಅಂದರೆ ಇಕ್ಕಳ, ಕೊಂಡು ತರುತ್ತಾನೆ.

ಮಕ್ಕಳಿಗೆ ನಾನು ಕೊಡುವ ಉಪಾಯ ಒಂದೇ. ಕಥೆಯಲ್ಲಿ ಕಾಲಕ್ಕೋ ಸ್ಥಳಕ್ಕೋ ಸೇರಿದ ಒಂದು ವಿವರ ಎತ್ತಿಕೊಳ್ಳಿ. ಅದನ್ನು ಬದಲಾಯಿಸಿ. ಈಗ ಯಾವ ಘಟನೆ ನಡೆಯದೆ ನಿಂತುಹೋಗುತ್ತದೆ ಎಂದು ನೋಡಿ. ಯಾವುದೂ ನಿಲ್ಲದಿದ್ದರೆ ಆ ವಿವರ ಚಿತ್ರಕ್ಕೆ ಬಣ್ಣ ಅಷ್ಟೇ. ಉದಾಹರಣೆಗೆ, ಈದ್ಗಾಹಿನ ಮೇಲೆ ಹುಣಸೆ ಮರಗಳ ನೆರಳಿದೆ. ಹುಣಸೆಯ ಬದಲು ಆಲ ಎಂದು ಬರೆಯಿರಿ, ಕಥೆ ಕದಲುವುದಿಲ್ಲ. ನೆರಳು ಚೆನ್ನಾಗಿದೆ, ಅಷ್ಟೇ.

ಈಗ ಅಡುಗೆಮನೆಗೆ ಬನ್ನಿ. ಅಮೀನಾಳ ಮನೆಯಲ್ಲಿ ದಿನವೂ ಬೇಯುವುದು ರೊಟ್ಟಿ. ಕಾವಲಿಯಿಂದ ಅದನ್ನು ಎತ್ತುವಾಗ ಅವಳ ಬೆರಳು ಸುಡುತ್ತದೆ, ಏಕೆಂದರೆ ಮನೆಯಲ್ಲಿ ಇಕ್ಕಳವಿಲ್ಲ. ಇದನ್ನು ಹಮೀದ ನೋಡಿದ್ದಾನೆ. ಇದೇ ಅಜ್ಜಿಯನ್ನು ದಿನಾ ಮುದ್ದೆ ಮಾಡುವ ಮನೆಯಲ್ಲಿಯೋ, ಗಂಜಿ ಅನ್ನ ಬೇಯಿಸುವ ಕರಾವಳಿಯ ಮನೆಯಲ್ಲಿಯೋ ಇಟ್ಟು ನೋಡಿ. ಅಲ್ಲಿ ಕೈ ಸುಡುವುದು ಮಡಕೆ ಇಳಿಸುವಾಗ, ಅದಕ್ಕೆ ಮಸಿಬಟ್ಟೆ ಸಾಕು. ಜಾತ್ರೆಯಲ್ಲಿ ಇಕ್ಕಳ ಕಂಡರೂ ಆ ಹುಡುಗನ ಕಾಲು ನಿಲ್ಲುತ್ತಿರಲಿಲ್ಲ. ಕಥೆಯ ದೊಡ್ಡ ಘಟನೆ ಹುಟ್ಟಿದ್ದು ಜಾತ್ರೆಯಲ್ಲಿ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಹುಟ್ಟಿದ್ದು ಉತ್ತರ ಭಾರತದ ಒಂದು ಹಳ್ಳಿಯ ಒಲೆಯ ಮುಂದೆ. ಪ್ರೇಮಚಂದರು ಹಳ್ಳಿಗೆ ಹೆಸರನ್ನೇ ಕೊಟ್ಟಿಲ್ಲ ಎನ್ನುವುದನ್ನೂ ಗಮನಿಸಿ. ಹೆಸರು ಬೇಕಾಗಲಿಲ್ಲ, ಒಲೆ ಬೇಕಾಯಿತು.

ಇನ್ನು ಹಣ. 'ಮೂರು ಪೈಸೆ' ಎಂದಾಗ ಇಂದಿನ ಮಗು ನಕ್ಕುಬಿಡುತ್ತದೆ. ಅದರ ಲೆಕ್ಕದಲ್ಲಿ ರೂಪಾಯಿಗೆ ನೂರು ಪೈಸೆ, ಅದೂ ಕಣ್ಣಿಗೆ ಕಾಣದ ನಾಣ್ಯ. ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ಕಥೆಯ ಕಾಲದಲ್ಲಿ ನಾಲ್ಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಹಬ್ಬದ ದಿನ ಆ ಮನೆಯಲ್ಲಿ ಉಳಿದದ್ದು ಎರಡಾಣೆ ಎಂದು ಕಥೆ ಹೇಳುತ್ತದೆ: ಹಮೀದನ ಜೇಬಿನಲ್ಲಿ ಮೂರು ಪೈಸೆ, ಅಜ್ಜಿಯ ಚೀಲದಲ್ಲಿ ಐದು. ಕೂಡಿಸಿ ನೋಡಿ, ಎಂಟು ಪೈಸೆ, ಸರಿಯಾಗಿ ಎರಡಾಣೆ. ಅಂದರೆ ಮನೆಯ ಹಣದಲ್ಲಿ ಎಂಟನೇ ಮೂರು ಭಾಗವನ್ನು ಅಜ್ಜಿ ಮೊಮ್ಮಗನ ಕೈಗಿಟ್ಟಿದ್ದಾಳೆ. ಈ ಲೆಕ್ಕ ಮಾಡಿಸಿದ ದಿನ ತರಗತಿಯಲ್ಲಿ ಯಾರೂ ನಗಲಿಲ್ಲ.

ಮೂರು ಪೈಸೆಗೆ ಏನು ಬರುತ್ತದೆ ಎನ್ನುವುದನ್ನು ಕಥೆಯೊಳಗಿನ ಬೆಲೆಗಳಿಂದಲೇ ತಿಳಿಯಬೇಕು, ಇಂದಿನ ಬೆಲೆಗೆ ಪರಿವರ್ತಿಸಲು ಹೋಗಬಾರದು. ಮರದ ಕುದುರೆಗೆ ಒಂದು ಪೈಸೆ, ಗೊಂಬೆಗೆ ಎರಡು ಪೈಸೆ. ಇಕ್ಕಳಕ್ಕೆ ಅಂಗಡಿಯವನು ಮೊದಲು ಆರು ಹೇಳಿ, ಐದಕ್ಕೆ ಇಳಿದು, ಕೊನೆಗೆ ಮೂರಕ್ಕೆ ಕೊಡುತ್ತಾನೆ. ಕುದುರೆ ಏರಿದ್ದರೆ ಎರಡು ಪೈಸೆ ಉಳಿಯುತ್ತಿತ್ತು, ಇಕ್ಕಳ ಸಿಗುತ್ತಿರಲಿಲ್ಲ. ಇಲ್ಲಿ ಜಾತ್ರೆಯ ಅಂಗಡಿಗಳ ಸಾಲನ್ನೂ ನೋಡಿ. ಮೊದಲು ಆಟ, ಆಮೇಲೆ ಗೊಂಬೆ, ಆಮೇಲೆ ಸಿಹಿ, ಎಲ್ಲ ದಾಟಿದ ಮೇಲೆ ಕಬ್ಬಿಣದ ಅಂಗಡಿ. ಈ ಸಾಲನ್ನು ತಿರುಗಿಸಿ ಬರೆಯಿರಿ ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಕಬ್ಬಿಣದ ಅಂಗಡಿ ಮೊದಲೇ ಬಂದರೆ ಹಮೀದ ಇಕ್ಕಳ ಕೊಂಡು, ಖಾಲಿ ಜೇಬಿನಲ್ಲಿ ಗೊಂಬೆ ನೋಡುತ್ತಾ ನಿಲ್ಲುತ್ತಾನೆ. ಆಗ ಅವನು ಕೊಳ್ಳದಿರುವುದಕ್ಕೆ ಕಾರಣ ಹಣವಿಲ್ಲದಿರುವುದು. ಈಗಿರುವ ಸಾಲಿನಲ್ಲಿ ಹಣ ಜೇಬಿನಲ್ಲಿರುವಾಗಲೇ ಅವನು ಮೂರು ಸಲ ಕೈ ಹಿಂದೆಗೆಯುತ್ತಾನೆ. ಜಾಗದ ಜೋಡಣೆ ಬದಲಾದರೆ ಹುಡುಗನೇ ಬೇರೆಯಾಗಿ ಕಾಣುತ್ತಾನೆ.

ಗೊಂಬೆಗಳು ಮಣ್ಣಿನವು ಎನ್ನುವುದೂ ಆ ಕಾಲದ ಗುರುತು. ಬಿದ್ದರೆ ಚೂರಾಗುತ್ತವೆ ಎಂದು ಹಮೀದ ಮೊದಲೇ ಯೋಚಿಸುತ್ತಾನೆ, ಊರಿಗೆ ಬಂದ ಮೇಲೆ ಹಾಗೆಯೇ ಆಗುತ್ತದೆ. ಭಿಸ್ತಿ ಗೊಂಬೆ ಒಡೆಯುತ್ತದೆ, ವಕೀಲ ಉರುಳುತ್ತಾನೆ, ಸಿಪಾಯಿಯ ಕಾಲು ಮುರಿಯುತ್ತದೆ. ಪ್ಲಾಸ್ಟಿಕ್ ಗೊಂಬೆ ಮಾಡಿ ನೋಡಿ, ದಾರಿಯುದ್ದಕ್ಕೂ ಇಕ್ಕಳದ ಪರವಾಗಿ ಹಮೀದ ಮಾಡಿದ ವಾದ ಸೋತುಹೋಗುತ್ತದೆ. (ಇನ್ನೊಂದು ಸಂಗತಿ: ಪಟ್ಟಣಕ್ಕೆ ಬರುವ ದಾರಿಯಲ್ಲಿ ಹುಡುಗರು ಕೋರ್ಟು ಕಚೇರಿ, ಪೊಲೀಸ್ ಲೈನ್ ನೋಡಿದ್ದರು. ಆಮೇಲೆ ಅಂಗಡಿಯಲ್ಲಿ ಅವರ ಕೈ ಹೋದದ್ದು ವಕೀಲನ ಕಡೆ, ಸಿಪಾಯಿಯ ಕಡೆ. ಇದು ನನಗೆ ತುಂಬ ಇಷ್ಟದ ಜಾಗ.)

ಕಾಲ ಎಂದರೆ ಹಬ್ಬದ ಹೆಸರು ಮಾತ್ರವಲ್ಲ, ಋತುವೂ ಕಾಲವೇ. 'ಈದ್ಗಾಹ್' ಕಥೆ ಯಾವ ಋತುವಿನದು? ಈದ್ ಎಂದ ಮಾತ್ರಕ್ಕೆ ಋತು ಗೊತ್ತಾಗುವುದಿಲ್ಲ, ಇದು ನಿಮಗೆ ಮನೆಯಲ್ಲೇ ತಿಳಿದ ವಿಷಯ. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಹಾಗಾಗಿ ಹಬ್ಬ ಎಲ್ಲ ಋತುಗಳನ್ನೂ ಸುತ್ತಿ ಬರಲು ಮೂವತ್ತಮೂರು ವರ್ಷದಷ್ಟು ಬೇಕು. ದೀಪಾವಳಿಯ ಕಥೆಯಾದರೆ ಮಳೆಗಾಲ ಮುಗಿಯಿತು ಎನ್ನಬಹುದು. ಈದಿನ ಕಥೆಯಲ್ಲಿ ಬೇರೆ ಸುಳಿವು ಹುಡುಕಬೇಕು. ಸುಳಿವು ಇದೆ. ಪಟ್ಟಣದ ಅಂಚಿನ ತೋಟಗಳಲ್ಲಿ ಮಾವು, ಲಿಚಿ ಮರದಲ್ಲಿ ತೂಗುತ್ತಿವೆ, ಹುಡುಗರು ಮಾವಿಗೆ ಕಲ್ಲು ಗುರಿಯಿಡುತ್ತಾರೆ. ಹಾಗಾದರೆ ಬೇಸಿಗೆ. ಆದರೆ ಕಥೆ ಪ್ರಕಟವಾದ 1933ರಲ್ಲಿ ಈದುಲ್ ಫಿತ್ರ್ ಬಂದದ್ದು ಜನವರಿಯ ಕೊನೆಯಲ್ಲಿ, ಚಳಿಯಲ್ಲಿ. ಕಥೆಯ ಈದ್ ಆ ವರ್ಷದ್ದಲ್ಲ ಎಂದಾಯಿತು. ಪುಸ್ತಕದ ಮೇಲಿನ ಇಸವಿಯನ್ನೇ ಕಥೆಯ ಕಾಲ ಎಂದು ಬರೆಯುವ ವಿದ್ಯಾರ್ಥಿಗಳಿಗೆ ನಾನು ಈ ಮಾವಿನಕಾಯಿ ತೋರಿಸುತ್ತೇನೆ.

ಬೇಸಿಗೆ ಎಂದು ತಿಳಿದ ಮೇಲೆ ಇನ್ನೊಂದು ವಿವರಕ್ಕೆ ತೂಕ ಬರುತ್ತದೆ. ಹಮೀದನ ಕಾಲಲ್ಲಿ ಚಪ್ಪಲಿಯಿಲ್ಲ. ಕೋಸಿನ ಅಳತೆ ಊರಿಂದೂರಿಗೆ ಬೇರೆ. ಒಂದು ಕೋಸನ್ನು ಸುಮಾರು ಮೂರು ಕಿಲೋಮೀಟರ್ ಎಂದು ಹಿಡಿದರೆ ಹೋಗುವಾಗ ಒಂಬತ್ತು, ಬರುವಾಗ ಒಂಬತ್ತು. ಹನ್ನೊಂದು ಗಂಟೆಗೆ ಎಲ್ಲರೂ ಊರು ಸೇರಿದರಂತೆ. ಐದು ವರ್ಷದ ಮಗುವಿನ ನಡಿಗೆಗೆ ಈ ಲೆಕ್ಕ ಬಿಗಿಯಾಯಿತು ಎಂದು ಒಬ್ಬ ಹುಡುಗಿ ವಾದಿಸಿದಳು. ಅವಳ ಮಾತು ಸರಿ, ಕಥೆಗಾರರು ಗಡಿಯಾರ ಹಿಡಿದು ಬರೆದಂತಿಲ್ಲ. ಆದರೆ ದೂರ ಕಥೆಗೆ ಬೇಕೇ ಬೇಕು. ದೂರವಿರುವುದರಿಂದಲೇ ಅಜ್ಜಿ ಜೊತೆಗೆ ಹೋಗಲಾರಳು. ಹೋದರೆ ಮನೆಯಲ್ಲಿ ಶಾವಿಗೆ ಮಾಡುವವರಾರು? ಈದ್ಗಾಹ್ ಪಕ್ಕದ ಬೀದಿಯಲ್ಲಿದ್ದರೆ ಅವಳು ಅವನ ಕೈ ಹಿಡಿದಿರುತ್ತಿದ್ದಳು, ಆ ಮೂರು ಪೈಸೆಗೆ ಗೊಂಬೆಯನ್ನೇ ಕೊಡಿಸುತ್ತಿದ್ದಳು. ಹಮೀದ ಒಬ್ಬನೇ ನಿರ್ಧರಿಸುವ ಗಳಿಗೆ ಬರುತ್ತಲೇ ಇರಲಿಲ್ಲ. ಮಧ್ಯಾಹ್ನದ ಹೊತ್ತೂ ಹೀಗೆಯೇ ಕೆಲಸ ಮಾಡುತ್ತದೆ. ಇಕ್ಕಳ ನೋಡಿದ ಅಜ್ಜಿ ಮೊದಲು ಎದೆ ಬಡಿದುಕೊಳ್ಳುವುದು ಹೊತ್ತು ಇಷ್ಟಾದರೂ ಮಗು ಏನೂ ತಿಂದಿಲ್ಲ, ಕುಡಿದಿಲ್ಲ ಎಂದು. ಬಿಸಿಲು, ಬರಿಗಾಲು, ಹಸಿದ ಹೊಟ್ಟೆ ಇವೆಲ್ಲ ಸೇರಿದ್ದರಿಂದ ಆ ಸಿಟ್ಟಿಗೆ ಅಷ್ಟು ನೋವು.

ಇಷ್ಟು ಮಾಡಿಸಿದ ಮೇಲೆ ಮಕ್ಕಳು ಇನ್ನೊಂದು ತುದಿಗೆ ಹೋಗುತ್ತಾರೆ. 'ಬಡತನದ ಕಾಲ, ಅದಕ್ಕೇ ಅವನು ಇಕ್ಕಳ ತಂದ' ಎಂದು ಬರೆದು ಮುಗಿಸುತ್ತಾರೆ. ಅಲ್ಲಿ ಅವರನ್ನು ತಡೆಯಬೇಕು. ಅದೇ ಜಾತ್ರೆಯಲ್ಲಿ, ಅದೇ ಗಳಿಗೆಯಲ್ಲಿ, ಅದೇ ಹಳ್ಳಿಯ ಮಹಮೂದ್, ಮೊಹಸಿನ್, ನೂರೆ, ಸಮ್ಮಿ ಇದ್ದರು. ಅವರು ಗೊಂಬೆ ಕೊಂಡರು. ಹಮೀದನ ಹಣಕ್ಕೂ ಒಂದು ಗೊಂಬೆ ಬರುತ್ತಿತ್ತು, ಒಂದು ಪೈಸೆ ಉಳಿಯುತ್ತಿತ್ತು ಕೂಡ. ಕಾಲ, ಸ್ಥಳ ಅವನ ಮುಂದೆ ಎರಡು ಅಂಗಡಿ ಇಟ್ಟವು, ಜೇಬಿಗೆ ಒಂದು ಮಿತಿ ಹಾಕಿದವು. ಯಾವ ಅಂಗಡಿಯ ಮುಂದೆ ನಿಲ್ಲಬೇಕು ಎನ್ನುವುದನ್ನು ಅವು ಹೇಳಲಿಲ್ಲ. ಆದ್ದರಿಂದ ಉತ್ತರ ಬರೆಯುವಾಗ 'ಇದರಿಂದ ಹೀಗಾಯಿತು' ಎನ್ನುವುದಕ್ಕಿಂತ 'ಇದು ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ' ಎಂದು ಬರೆಯಿಸುತ್ತೇನೆ. ಎರಡನೆಯ ವಾಕ್ಯದಲ್ಲಿ ಹಮೀದನಿಗೂ ಸ್ವಲ್ಪ ಜಾಗ ಉಳಿಯುತ್ತದೆ.

ಮುಂದಿನ ವಾರಕ್ಕೆ ಏಳನೇ ತರಗತಿಗೆ ಕೊಟ್ಟ ಕೆಲಸ ಇದು, ಬಯಸಿದವರು ನೀವೂ ಮಾಡಿ ನೋಡಿ: ಹಮೀದನ ತಂದೆ ಹಿಂದಿನ ವರ್ಷ ಕಾಲರಾಕ್ಕೆ ಬಲಿಯಾದ ಎಂದು ಕಥೆಯ ಆರಂಭದಲ್ಲಿ ಒಂದು ಮಾತು ಬರುತ್ತದೆ. ಆ ಒಂದು ಮಾತನ್ನು ತೆಗೆದುಹಾಕಿ, ತಂದೆ ಬದುಕಿದ್ದಾನೆ ಎಂದುಕೊಂಡು, ಈದ್ ಬೆಳಿಗ್ಗೆಯಿಂದ ಹನ್ನೊಂದು ಗಂಟೆಯವರೆಗೆ ಏನೇನು ನಡೆಯುತ್ತದೆ ಎಂದು ಅರ್ಧ ಪುಟ ಬರೆಯಿರಿ.